ಕಾರಿಡಾರಿನಲ್ಲಿ ನಿಂತು ಕಲಿತ ಆಕ್ಟಿನ್

ನಾನು ದಾವಣಗೆರೆಯಲ್ಲಿ ಬಿಎಸ್ಸಿ ಓದುವಾಗ ನಮ್ಮ ಪ್ರಾಣಿಶಾಸ್ತ್ರದ ಮೇಷ್ಟ್ರು ಒಂದು ದಿನ ಪಾಠ ನಿಲ್ಲಿಸಿ ಎಲ್ಲರನ್ನೂ ಕಾರಿಡಾರಿಗೆ ಕರೆದು ಸಾಲಾಗಿ ನಿಲ್ಲಿಸಿದರು. ಕೊನೆಯವನು ಹೋಗಿ ಎಲ್ಲರ ಮುಂದೆ ನಿಲ್ಲಬೇಕು, ಆಮೇಲೆ ಹೊಸ ಕೊನೆಯವನು, ಹೀಗೇ. ನಡುವೆ ಇದ್ದವರು ಯಾರೂ ಕದಲುವ ಹಾಗಿಲ್ಲ. ನನ್ನ ಕೈಗೆ ಕೆಂಪು ಕರ್ಚೀಫು ಕೊಟ್ಟಿದ್ದರು. ನಾನು ಕಂಬದ ಪಕ್ಕದಲ್ಲೇ ಇದ್ದೆ, ಸಾಲು ಮಾತ್ರ ಲೈಬ್ರರಿ ಬಾಗಿಲು ಮುಟ್ಟುವಷ್ಟು ಮುಂದೆ ಹೋಗಿತ್ತು!

"ಇದೇ ಟ್ರೆಡ್‌ಮಿಲ್ಲಿಂಗ್ ಕಣ್ರೋ" ಅಂದರು.

ಜೀವಕೋಶದೊಳಗೆ ಆಕ್ಟಿನ್ ಅನ್ನುವ ಪ್ರೊಟೀನಿನ ಅಣುಗಳು ಸಾಲುಗಟ್ಟಿ ಎಳೆಯಾಗುತ್ತವೆ. ಆ ಎಳೆಯ ಒಂದು ತುದಿಗೆ ಹೊಸ ಅಣುಗಳು ಸೇರುತ್ತವೆ, ಇನ್ನೊಂದು ತುದಿಯಿಂದ ಹಳೆಯವು ಕಳಚುತ್ತವೆ. ತೆವಳುವ ಜೀವಕೋಶದಲ್ಲಿ ಸೇರುವ ತುದಿ ಮುಂಚೂಣಿಯ ಪೊರೆಯ ಕಡೆಗಿರುತ್ತದೆ. ಪೊರೆ ಸುಮ್ನೆ ನಿಲ್ಲದೆ ಅಲುಗಾಡುತ್ತಿರುತ್ತದೆ, ಸಿಕ್ಕ ಸಂದಿಯಲ್ಲಿ ಒಂದು ಅಣು ಸೇರಿಕೊಂಡರೆ ಎಳೆ ಸುಮಾರು 2.7 ನ್ಯಾನೋಮೀಟರ್ ಬೆಳೆಯುತ್ತದೆ, ಪೊರೆ ಮತ್ತೆ ಹಿಂದಕ್ಕೆ ಬರಲಾಗುವುದಿಲ್ಲ. ಇಂಥ ಸಾವಿರಾರು ಎಳೆಗಳು ಕವಲೊಡೆದು ತಳ್ಳಿದಾಗ ಮುಂದೆ ತೆಳು ಹಾಳೆಯಂತೆ ಚಾಚುವ ಭಾಗವೇ ಲ್ಯಾಮೆಲ್ಲಿಪೋಡಿಯಂ.

ಇದೆಲ್ಲ ನಿಜ ಅಂತ ಹೇಗೆ ಗೊತ್ತು? 1991ರಲ್ಲಿ ಜೂಲಿ ಥೆರಿಯಟ್ ಮತ್ತು ಟಿಮ್ ಮಿಚಿಸನ್ ಮೀನಿನ ಚರ್ಮದ ಕೆರಾಟೋಸೈಟ್ ಕೋಶಗಳಲ್ಲಿ, ಬೆಳಕು ಬಿದ್ದರೆ ಮಾತ್ರ ಹೊಳೆಯುವ ಆಕ್ಟಿನ್ ತುಂಬಿ ಒಂದು ಸಣ್ಣ ಪಟ್ಟಿಯನ್ನಷ್ಟೇ ಹೊಳೆಯಿಸಿದರು. ಕೋಶ ಮುಂದೆ ಸಾಗಿತು, ಪಟ್ಟಿ ಮಾತ್ರ ಗಾಜಿನ ಮೇಲೆ ಇದ್ದಲ್ಲೇ ಉಳಿದು ನಿಧಾನವಾಗಿ ಮಂಕಾಯಿತು. ಅಂದರೆ ಎಳೆಗಳು ಜಾರುತ್ತಿಲ್ಲ, ಮುಂದೆ ಹೊಸದು ಕಟ್ಟುತ್ತಿದೆ, ಹಿಂದೆ ಹಳೆಯದು ಕಳಚುತ್ತಿದೆ.

ನನಗೆ ಜಾಸ್ತಿ ಇಷ್ಟವಾದದ್ದು ಆಮೇಲಿನ ಲೆಕ್ಕ. ಕೋಶ ನಿಮಿಷಕ್ಕೆ 10 ಮೈಕ್ರೋಮೀಟರ್ ಸಾಗಿದರೆ ಪ್ರತಿ ಎಳೆಗೂ ಸೆಕೆಂಡಿಗೆ ಸುಮಾರು 60 ಅಣು ಸೇರಬೇಕು. ಟೆಸ್ಟ್ ಟ್ಯೂಬಿನಲ್ಲಿ ಶುದ್ಧ ಆಕ್ಟಿನ್ ಒಂದನ್ನೇ ಬಿಟ್ಟರೆ ಈ ವೇಗದ ನೂರನೇ ಒಂದು ಭಾಗವೂ ಬರುವುದಿಲ್ಲ, ಯಾಕಂದ್ರೆ ಹಿಂದಿನ ತುದಿ ಕಳಚುವುದು ತೀರಾ ನಿಧಾನ, ಬಿಡಿ ಅಣುಗಳೇ ಸಾಲುವುದಿಲ್ಲ. ಕೋಶದೊಳಗೆ ಕೋಫಿಲಿನ್ ಅನ್ನುವ ಇನ್ನೊಂದು ಪ್ರೊಟೀನ್ ಹಳೆಯ ಎಳೆಗಳನ್ನು ತುಂಡರಿಸಿ ಬೇಗ ಕಳಚಿಸುತ್ತದೆ. ಪ್ರೊಫಿಲಿನ್ ಅನ್ನುವ ಪ್ರೊಟೀನ್ ಕಳಚಿದ ಅಣುಗಳಿಗೆ ಮತ್ತೆ ಎಟಿಪಿ ಸಿಗುವಂತೆ ಮಾಡಿ ಅವನ್ನು ಹೊಸದಾಗಿ ಸೇರಲು ಸಜ್ಜುಗೊಳಿಸುತ್ತದೆ. ಇನ್ನು ಕ್ಯಾಪಿಂಗ್ ಪ್ರೊಟೀನ್ ಬಹುಪಾಲು ಬೆಳೆಯುವ ತುದಿಗಳನ್ನು ಮುಚ್ಚಿಬಿಡುತ್ತದೆ. ಬೆಳವಣಿಗೆ ನಿಲ್ಲಿಸುವ ಪ್ರೊಟೀನು ವೇಗ ಹೆಚ್ಚಿಸುತ್ತದಾ ಅಂತ ಆಗ ತಲೆ ಕೆಟ್ಟಿತ್ತು. ಆದರೆ ನೋಡಿ, ಕಳಚಿದ ಅಣುಗಳೆಲ್ಲ ತೆರೆದುಳಿದ ಕೆಲವೇ ತುದಿಗಳಿಗೆ ಹೋಗುತ್ತವೆ, ಅವು ಬೇಗ ಬೆಳೆಯುತ್ತವೆ, ಅಷ್ಟೇ ಅಲ್ವಾ?

ಎಲ್ಲ ಕೋಶಗಳೂ ಮೀನಿನ ಕೋಶದಷ್ಟು ಅಚ್ಚುಕಟ್ಟಲ್ಲ. ಅಂಗಾಂಶಗಳನ್ನು ಜೋಡಿಸುವ ಫೈಬ್ರೋಬ್ಲಾಸ್ಟ್ ಕೋಶದಲ್ಲಿ ಹೀಗೆ ಗುರುತು ಹಾಕಿದರೆ ಅದು ಹಿಂದಕ್ಕೆ ಸರಿಯುತ್ತದೆ, ಅಲ್ಲಿ ಎಳೆಗಳಿಗೆ ನೆಲದ ಹಿಡಿತ ಅಷ್ಟು ಬಿಗಿಯಿಲ್ಲ, ಮುಂದಿನ ಪೊರೆಯ ಒತ್ತಡಕ್ಕೂ ಒಳಗಿನ ಮಯೋಸಿನ್ ಅನ್ನುವ ಮೋಟಾರ್ ಪ್ರೊಟೀನಿನ ಎಳೆತಕ್ಕೂ ಅವು ಹಿಂದೆ ಜಾರುತ್ತವೆ. ಮೇಷ್ಟ್ರು ಇಂಟರ್ನಲ್ಸ್‌ನಲ್ಲಿ ಕೇಳಿದ್ದು ಇದನ್ನೇ: ನಿಮಿಷಕ್ಕೆ 6 ಮೈಕ್ರೋಮೀಟರ್ ಕಟ್ಟಿ 4 ಹಿಂದೆ ಜಾರಿದರೆ ಅಂಚು ಎಷ್ಟು ಮುಂದೆ ಹೋಗುತ್ತದೆ? ಉತ್ತರ 2, ಆದರೆ ಕಾರಣ ಬರೆದವರಿಗೆ ಮಾತ್ರ ಮಾರ್ಕ್ಸ್ ಬಿತ್ತು.