ಸಲೂನ್ ಮಾರುವ ಮುನ್ನ ಲೆಕ್ಕಪುಸ್ತಕದ ಮುಂದೆ ಒಂದು ದಿನ

ನನ್ನ ಸಲೂನನ್ನು ಮಾರಾಟಕ್ಕಿಡಲು ನಿರ್ಧರಿಸಿದ ಮೇಲೆ, ಹಿಂದಿನ 3 ವರ್ಷಗಳ ಲೆಕ್ಕಪುಸ್ತಕ, ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ತೆರಿಗೆ ವಿವರಗಳನ್ನು ಲೆಕ್ಕಿಗರ ಜೊತೆ ಕುಳಿತು ಇಡೀ ದಿನ ತಾಳೆ ನೋಡಿದೆ. ಕುರ್ಚಿ, ಕನ್ನಡಿ, ಸ್ಟೀಮರ್‌ಗಳ ಲೆಕ್ಕ ಬೇಗ ಮುಗಿಯಿತು, ಏಕೆಂದರೆ ಬಳಸಿದ ಸಾಮಾನಿಗೆ ಇಂದು ಎಷ್ಟು ಸಿಗುತ್ತದೆಯೋ ಅಷ್ಟೇ ಅವುಗಳ ಬೆಲೆ. ಹೆಚ್ಚು ಹೊತ್ತು ಹಿಡಿದದ್ದು ಲಾಭದ ನಿಜವಾದ ಪ್ರಮಾಣವನ್ನು ಗುರುತಿಸುವ ಕೆಲಸ.

ವರ್ಷದ ವಹಿವಾಟನ್ನು 100 ಎಂದಿಟ್ಟುಕೊಂಡರೆ ಪುಸ್ತಕದಲ್ಲಿದ್ದ ಲಾಭ 18. ಅಂಗಡಿಯ ಖರ್ಚಿನಲ್ಲಿ ಸೇರಿದ್ದ ನನ್ನ ಸ್ವಂತ ವಾಹನ ಮತ್ತು ಫೋನಿನ 3, ನೀರಿನ ಕೊಳವೆ ಒಡೆದಾಗ ಒಮ್ಮೆ ಮಾತ್ರ ತಗುಲಿದ ದುರಸ್ತಿಯ 2, ಇವೆರಡನ್ನೂ ಮರಳಿ ಕೂಡಿಸಿದಾಗ 23 ಆಯಿತು. ರಸೀದಿ ಇಲ್ಲದ ಯಾವ ಖರ್ಚನ್ನೂ ಹೀಗೆ ಕೂಡಿಸಬಾರದೆಂದು ಲೆಕ್ಕಿಗರು ಪಟ್ಟು ಹಿಡಿದರು, ಅದು ಸರಿಯೂ ಹೌದು: ಕೊಳ್ಳುವವರಿಗೆ ಒಂದು ಅಂಕಿಯ ಮೇಲೆ ಸಂಶಯ ಬಂದರೆ ಉಳಿದವುಗಳನ್ನೂ ಅವರು ನಂಬುವುದಿಲ್ಲ. ಆದರೆ ನಾನು ಸಂಬಳ ತೆಗೆದುಕೊಳ್ಳದೆ ದಿನವಿಡೀ ಕೆಲಸ ಮಾಡುತ್ತಿದ್ದೆ. ನನ್ನ ಜಾಗಕ್ಕೆ ನುರಿತವರೊಬ್ಬರನ್ನು ನೇಮಿಸಿದರೆ ಅವರ ಸಂಬಳವೇ 14 ಆಗುತ್ತದೆ, ಉಳಿಯುವುದು 9. ಸ್ವತಃ ಕತ್ತರಿ ಹಿಡಿಯುವವರಿಗೆ ಈ ಸಲೂನ್ 23ರ ಆದಾಯ ಕೊಡುತ್ತದೆ, ಬಂಡವಾಳ ಮಾತ್ರ ಹೂಡುವವರಿಗೆ 9ರದು. ಆದ್ದರಿಂದ ಬೆಲೆ ಹೇಳುವ ಮೊದಲು ಎದುರಿಗಿರುವವರು ಇವರಲ್ಲಿ ಯಾರೆಂದು ತಿಳಿಯಲೇಬೇಕು.

ಗ್ರಾಹಕರ ಪಟ್ಟಿ ಇನ್ನೂ ಸೂಕ್ಷ್ಮವಾದದ್ದು. ನಮ್ಮ ಪುಸ್ತಕದಲ್ಲಿ 1,200 ಹೆಸರುಗಳಿದ್ದರೂ ಹಿಂದಿನ 6 ತಿಂಗಳಲ್ಲಿ ಬಂದವರು 380 ಮಂದಿ, ಅವರಲ್ಲಿ 210 ಮಂದಿ ನನ್ನ ಬಳಿಯೇ ಕೂದಲು ಕತ್ತರಿಸಿಕೊಳ್ಳುವವರು. ನಾನು ಹೊರಟರೆ ಹೊರಟುಹೋಗಬಹುದಾದವರು ಇವರೇ. ಹಾಗಾಗಿ ಮಾರಾಟವನ್ನು ಕೆಲವು ತಿಂಗಳು ಮುಂದೂಡಿ, ಬಣ್ಣ ಹಚ್ಚುವ ಕೆಲಸದಿಂದ ಆರಂಭಿಸಿ ಒಬ್ಬೊಬ್ಬರನ್ನೇ ಇತರ ಸಿಬ್ಬಂದಿಗೆ ಪರಿಚಯಿಸಲು ತೀರ್ಮಾನಿಸಿದೆ. ಎರಡನೆಯ ಬಾರಿಯೂ ಅದೇ ಸಿಬ್ಬಂದಿಯ ಬಳಿ ಸಮಯ ಕಾದಿರಿಸಿದವರನ್ನು ಮಾತ್ರ ಅವರ ಗ್ರಾಹಕರೆಂದು ಬರೆದುಕೊಂಡೆವು, ಏಕೆಂದರೆ ಮೊದಲ ಬಾರಿ ಬಹಳ ಮಂದಿ ದಾಕ್ಷಿಣ್ಯಕ್ಕೆ ಒಪ್ಪುತ್ತಾರೆ.

ಮುಂಗಡ ಹಣ ಕೊಟ್ಟು ಪ್ಯಾಕೇಜ್ ಕೊಂಡವರಿಗೆ ಸಲ್ಲಬೇಕಾದ ಸೇವೆಯನ್ನು ಬೇರೆಯಾಗಿ ಪಟ್ಟಿ ಮಾಡಿದೆವು. ಆ ಹಣ ನನ್ನ ಕೈ ಸೇರಿಯಾಗಿದೆ, ಕೆಲಸ ಮಾತ್ರ ಹೊಸಬರ ತಲೆಗೆ ಬರುತ್ತದೆ. ಅದು ಸಾಲವೇ, ಬೆಲೆಯಿಂದ ಕಳೆಯತಕ್ಕದ್ದು. ಮಳಿಗೆಯ ಬಾಡಿಗೆ ಕರಾರನ್ನು ಹೊಸಬರ ಹೆಸರಿಗೆ ಮಾಡಿಕೊಡಲು ಮಾಲೀಕರು ಒಪ್ಪುತ್ತಾರೆಂಬುದನ್ನು ಬರಹದಲ್ಲಿ ಪಡೆದುಕೊಂಡೆ.

ವಿಚಾರಿಸಲು ಬಂದವರಿಗೆ ತೋರಿಸಲು, ಹೆಸರು ಮತ್ತು ಫೋನ್ ಸಂಖ್ಯೆ ತೆಗೆದ ಒಂದು ಪಟ್ಟಿಯನ್ನು ಸಿದ್ಧಪಡಿಸಿದೆವು: ಯಾವ ಸಿಬ್ಬಂದಿಯ ಬಳಿ ಎಷ್ಟು ಮಂದಿ, ಎಷ್ಟು ವಾರಕ್ಕೊಮ್ಮೆ ಬರುತ್ತಾರೆ, ಸರಾಸರಿ ಎಷ್ಟು ಖರ್ಚು ಮಾಡುತ್ತಾರೆ ಎಂಬಷ್ಟೇ ಅದರಲ್ಲಿದೆ. ಪೂರ್ತಿ ವಿವರ ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ, ಅದೂ ಗ್ರಾಹಕರಿಗೆ ತಿಳಿಸಿ ಒಪ್ಪಿಗೆ ಪಡೆದ ನಂತರವೇ.