ಕಾಲು ಕಂಡರೆ ಸಾಲದು, ಮೂತಿ ಎಲ್ಲಿದೆ ನೋಡಿ

"ಹಸು ತಿಣುಕ್ತಾ ಇದೆ, ಕರುವಿನ ಎರಡು ಕಾಲು ಕಾಣ್ತಿವೆ. ನಾವೇ ಹಿಡಿದು ಎಳೀಬಹುದಾ, ಇಲ್ಲ ಡಾಕ್ಟರನ್ನು ಕರೀಬೇಕಾ?"

ಎಳೆಯುವ ಮೊದಲು ಮೂತಿ ಹುಡುಕಿ. ಕರು ಸರಿಯಾಗಿ ಬರುತ್ತಿದ್ದರೆ ಎರಡು ಮುಂಗಾಲು ಮುಂದೆ ಇರುತ್ತವೆ, ಗೊರಸಿನ ಅಡಿಭಾಗ ನೆಲದ ಕಡೆಗಿರುತ್ತದೆ, ಆ ಎರಡು ಕಾಲಿನ ಮೇಲೆ ತಲೆಯಿಟ್ಟು ಮಲಗಿದ ಹಾಗೆ ಮೂತಿ ಇರುತ್ತದೆ. ಎರಡು ಕಾಲು, ಒಂದು ಮೂತಿ, ಈ ಮೂರೂ ಕೈಗೆ ಸಿಗಬೇಕು. ಕಾಲು ಮಾತ್ರ ಸಿಕ್ಕಿ ಮೂತಿ ಸಿಗದಿದ್ದರೆ ಹಗ್ಗ ಪಕ್ಕಕ್ಕಿಡಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನಮ್ಮ ಕಪ್ಪು ಹಸುವಿನ ಮೂರನೇ ಸೂಲು. ಅದುವರೆಗೆ ಎರಡು ಸಲವೂ ಯಾರ ಸಹಾಯವೂ ಇಲ್ಲದೆ ಈದಿದ್ದಳು, ಹಾಗಾಗಿ ನಾನು ನಿಶ್ಚಿಂತೆಯಾಗಿದ್ದೆ. ನಸುಕಿನ ನಾಲ್ಕಕ್ಕೆ ನೀರಿನ ಚೀಲ ಒಡೆಯಿತು. ನಾಲ್ಕೂವರೆಗೆ ಎರಡು ಗೊರಸು ಕಂಡವು, ಎರಡರ ಅಡಿಯೂ ಕೆಳಗೇ ಇತ್ತು. ಐದು ಕಾಲಾದರೂ ಅಷ್ಟೇ. ಆಕೆ ಜೋರಾಗಿ ತಿಣುಕಿದಾಗ ಗೊರಸು ನಾಲ್ಕು ಬೆರಳಷ್ಟು ಹೊರಗೆ ಬರುತ್ತಿತ್ತು, ತಿಣುಕು ನಿಂತ ಕೂಡಲೇ ಒಳಗೆ ಹೋಗುತ್ತಿತ್ತು. ಪಕ್ಕದ ಮನೆಯವರು "ಕಾಲು ಬಂದಾಯ್ತಲ್ಲ, ಎಳೆದರೆ ಆಗೇಹೋಗುತ್ತೆ" ಅಂದರು. ಇಬ್ಬರೂ ಸೇರಿ ಐದು ನಿಮಿಷ ಎಳೆದೆವು. ಕರು ಒಂದಿಂಚೂ ಬರಲಿಲ್ಲ, ಹಸು ಮಾತ್ರ ನರಳಿ ಮಲಗಿಬಿಟ್ಟಳು.

ಆಮೇಲೆ ಕೈ ತೊಳೆದು ಒಳಗೆ ಹಾಕಿ ನೋಡಿದೆ. ಮೊದಲೇ ಮಾಡಬೇಕಿದ್ದ ಕೆಲಸ ಅದು. ಮುಂಗಾಲನ್ನೇ ಹಿಡಿದು ಮೇಲೆ ಮೇಲೆ ಹೋದೆ, ಮಂಡಿ ಸಿಕ್ಕಿತು, ಅದರಾಚೆ ಎದೆ ಸಿಕ್ಕಿತು, ತಲೆ ಇರಬೇಕಾದ ಜಾಗ ಖಾಲಿ. ಎದೆಯಿಂದ ಕತ್ತನ್ನು ಹುಡುಕಿಕೊಂಡು ಹೋದರೆ ಅದು ಒಂದು ಪಕ್ಕಕ್ಕೆ ಬಿಗಿಯಾಗಿ ಬಾಗಿತ್ತು. ತೋಳು ಪೂರ್ತಿ ಚಾಚಿದಾಗ ಬೆರಳ ತುದಿಗೆ ಒಂದು ಕಿವಿ ತಾಗಿತು. ಒದ್ದೆ, ಬೆಚ್ಚಗೆ, ಮಡಿಚಿದ ಎಲೆಯ ಹಾಗೆ. ಕರು ತನ್ನ ಪಕ್ಕೆಲುಬಿನ ಕಡೆಗೆ ತಲೆ ತಿರುಗಿಸಿಕೊಂಡಿತ್ತು. ನಾವು ಎಳೆದಷ್ಟೂ ಎದೆ ಮುಂದೆ ಬಂದು ಕತ್ತು ಇನ್ನಷ್ಟು ಬಾಗುತ್ತಿತ್ತು. ಇಬ್ಬರಲ್ಲ, ಹತ್ತು ಜನ ಎಳೆದರೂ ಆ ಕರು ಬರುವುದಿಲ್ಲ. ಹರಿಯುವುದು ಗರ್ಭಕೋಶ ಅಷ್ಟೇ.

ಬೆರಳಿನಿಂದ ಗೊರಸಿನ ಸಂದನ್ನು ಚಿವುಟಿದೆ. ಕಾಲು ಹಿಂದಕ್ಕೆ ಎಳೆದುಕೊಂಡಿತು. ಜೀವ ಇದೆ. ಆಗಲೇ ಡಾಕ್ಟರಿಗೆ ಫೋನ್ ಮಾಡಿದ್ದು. (ಚಿವುಟಿದಾಗ ಎಳೆದುಕೊಂಡರೆ ಖಂಡಿತ ಬದುಕಿದೆ. ಎಳೆದುಕೊಳ್ಳದಿದ್ದರೆ ಸತ್ತಿದೆ ಅಂತ ತೀರ್ಮಾನ ಮಾಡಬೇಡಿ, ಸುಸ್ತಾದ ಕರು ಅಲುಗದೆ ಇರಬಹುದು. ಬಾಯಿ ಸಿಗುವಂತಿದ್ದರೆ ಬೆರಳಿಟ್ಟು ನೋಡಿ, ಚೀಪಲು ನೋಡುತ್ತದೆ.)

ಡಾಕ್ಟರು ಆರೂಕಾಲಿಗೆ ಬಂದರು. ಮೊದಲು ಬಾಲದ ಬುಡದಲ್ಲಿ ಒಂದು ಇಂಜೆಕ್ಷನ್ ಕೊಟ್ಟರು. ಅದರಿಂದ ತಿಣುಕು ತಗ್ಗಿತು. ಜೆಲ್ ಧಾರಾಳವಾಗಿ ಹಾಕಿದರು. ಆಮೇಲೆ ನಾನು ನಿರೀಕ್ಷಿಸಿದ್ದಕ್ಕೆ ಪೂರ್ತಿ ಉಲ್ಟಾ ಕೆಲಸ ಮಾಡಿದರು. ಕರುವನ್ನು ಹೊರಗೆ ಎಳೆಯಲಿಲ್ಲ, ಎದೆಗೆ ಕೈಕೊಟ್ಟು ಒಳಗೆ ತಳ್ಳಿದರು. ತಲೆ ತಿರುಗಲು ಜಾಗ ಬೇಕಲ್ವಾ, ಆ ಜಾಗ ಒಳಗೇ ಇರುವುದು, ದಾರಿಯಲ್ಲಿಲ್ಲ. ಜಾಗ ಆದಮೇಲೆ ಮೂತಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು, ಹಲ್ಲು ಎಲ್ಲಿಯೂ ಗೀರದ ಹಾಗೆ, ನಿಧಾನವಾಗಿ ದಾರಿಯ ಕಡೆಗೆ ತಿರುಗಿಸಿದರು. ಇಷ್ಟಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು. ತಲೆ ಸರಿಯಾದ ಮೇಲೆ ಎಳೆಯಲು ಐದು ನಿಮಿಷವೂ ಬೇಕಾಗಲಿಲ್ಲ. ಹೆಣ್ಣು ಕರು, ನಾಲಿಗೆ ಊದಿತ್ತು, ಆದರೆ ಉಸಿರಾಡುತ್ತಿತ್ತು.

ಇನ್ನು ಕಾಲಿನ ವಿಷಯ. ಗೊರಸಿನ ಅಡಿ ಮೇಲಕ್ಕಿದ್ದರೆ ಹೆಚ್ಚಾಗಿ ಕರು ಹಿಂದುಮುಂದಾಗಿದೆ, ಬರುತ್ತಿರುವುದು ಹಿಂಗಾಲು ಅಂತ ಅರ್ಥ. ಅಪರೂಪಕ್ಕೆ ಕರು ಅಂಗಾತ ತಿರುಗಿದ್ದರೂ ಹೀಗೆ ಕಾಣುತ್ತದೆ. ಮುಂಗಾಲೋ ಹಿಂಗಾಲೋ ಅಂತ ಕಣ್ಣಿಂದ ಹೇಳಲು ಹೋಗಬೇಡಿ, ಕೀಲು ಮಡಿಸಿ ನೋಡಿ. ಗೊರಸಿನ ಮೇಲಿನ ಮೊದಲ ಕೀಲು ಯಾವ ಕಡೆ ಮಡಚುತ್ತದೋ ಅದರ ಮೇಲಿನ ಎರಡನೇ ಕೀಲೂ ಅದೇ ಕಡೆ ಮಡಚಿದರೆ ಮುಂಗಾಲು. ಎರಡನೆಯದು ವಿರುದ್ಧ ದಿಕ್ಕಿಗೆ ಮಡಚಿದರೆ ಹಿಂಗಾಲು, ಜೊತೆಗೆ ಆ ಕೀಲಿನ ಹಿಂದೆ ಚೂಪಾದ ಮೂಳೆಯೊಂದು ಕೈಗೆ ಸಿಗುತ್ತದೆ. ಕತ್ತಲಲ್ಲಿ, ಕಣ್ಣು ಮುಚ್ಚಿಕೊಂಡು ಕೂಡ ಇದು ಗೊತ್ತಾಗುತ್ತದೆ. ಹುಟ್ಟಿದ ಯಾವುದಾದರೂ ಕರುವಿನ ಕಾಲು ಹಿಡಿದು ಮೊದಲೇ ಅಭ್ಯಾಸ ಮಾಡಿಕೊಳ್ಳಿ.

ಎರಡೂ ಹಿಂಗಾಲು ನೇರವಾಗಿ ಬರುತ್ತಿದ್ದರೆ ಕರುವನ್ನು ತಿರುಗಿಸಬೇಕಿಲ್ಲ, ಹಾಗೇ ಬರುತ್ತದೆ. ಆದರೆ ಇಲ್ಲಿ ಸಮಯ ತುಂಬಾ ಕಮ್ಮಿ. ಕರುವಿನ ಸೊಂಟ ದಾರಿಗೆ ಬಂದಮೇಲೆ ಹೊಕ್ಕುಳಬಳ್ಳಿ ಮೂಳೆಗೆ ಒತ್ತಿಕೊಳ್ಳುತ್ತದೆ, ತಲೆ ಇನ್ನೂ ಒಳಗೆ ನೀರಿನಲ್ಲೇ ಇರುತ್ತದೆ. ಅಲ್ಲಿಂದ ಎರಡು ಮೂರು ನಿಮಿಷದಲ್ಲಿ ಪೂರ್ತಿ ಹೊರಗೆ ಬರಬೇಕು. ಆದ್ದರಿಂದ ಹಗ್ಗ, ಜೆಲ್, ಇನ್ನೊಬ್ಬರ ಕೈ ಎಲ್ಲಾ ಸಿದ್ಧವಾಗುವ ತನಕ ಎಳೆಯಲು ಶುರು ಮಾಡಬೇಡಿ. ದಾರಿ ಬಿಗಿ ಅನ್ನಿಸಿದರೆ ಡಾಕ್ಟರಿಗೇ ಬಿಡಿ.

ಏನೂ ಕಾಣಿಸದ ಕೇಸು ನನಗೆ ಎಲ್ಲಕ್ಕಿಂತ ಜಾಸ್ತಿ ಭಯ. ಕರು ಹಿಂದುಮುಂದಾಗಿ, ಹಿಂಗಾಲು ಎರಡೂ ಹೊಟ್ಟೆಯ ಕೆಳಗೆ ಮಡಚಿಕೊಂಡು ಕೂತ ಹಾಗೆ ಇದ್ದರೆ ದಾರಿಗೆ ಏನೂ ತುಂಬಿಕೊಳ್ಳುವುದಿಲ್ಲ. ಹಾಗಾಗಿ ಹಸು ಜೋರಾಗಿ ತಿಣುಕುವುದೇ ಇಲ್ಲ. ಬಾಲ ಎತ್ತಿ ನಿಲ್ಲುತ್ತದೆ, ಮಲಗುತ್ತದೆ, ಏಳುತ್ತದೆ. ನಾವು "ಇನ್ನೂ ಟೈಮ್ ಇದೆ" ಅಂತ ಸುಮ್ನೆ ಕಾಯುತ್ತೇವೆ. ಕೈ ಹಾಕಿದರೆ ಸಿಗುವುದು ಬಾಲ ಮಾತ್ರ. ಇನ್ನೊಂದು ಇದೇ ರೀತಿ ಮೋಸ ಮಾಡುವುದು ಗರ್ಭಕೋಶ ತಿರುಚಿಕೊಂಡಿರುವುದು. ಕೈ ಒಳಗೆ ಹೋಗುತ್ತಾ ದಾರಿ ಕಿರಿದಾಗಿ, ಒದ್ದೆ ಬಟ್ಟೆ ಹಿಂಡಿದ ಹಾಗೆ ಮಡಿಕೆ ಸುತ್ತಿಕೊಂಡು ಹೋಗಿರುವುದು ಗೊತ್ತಾಗುತ್ತದೆ. ಇವೆರಡೂ ಮನೆಯಲ್ಲಿ ಸರಿ ಮಾಡುವ ಕೆಲಸವಲ್ಲ.

ಹಾಗಾದರೆ ನಾವೇ ಮಾಡಬಹುದಾದ್ದು ಏನು? ತಲೆ ಸರಿಯಾಗಿದೆ, ಒಂದು ಮುಂಗಾಲು ಬಂದಿದೆ, ಇನ್ನೊಂದು ಮಂಡಿಯ ಹತ್ತಿರ ಮಡಚಿಕೊಂಡಿದೆ ಅಂದರೆ ಒಮ್ಮೆ ಪ್ರಯತ್ನಿಸಬಹುದು. ಉಗುರು ಕತ್ತರಿಸಿ, ಉಂಗುರ ಬಳೆ ತೆಗೆದು, ಹಸುವಿನ ಹಿಂಭಾಗ ಮತ್ತು ನಿಮ್ಮ ತೋಳು ಸೋಪು ಹಾಕಿ ತೊಳೆಯಿರಿ. ಭುಜದವರೆಗೆ ಬರುವ ಗ್ಲೌಸ್ ಹಾಕಿಕೊಳ್ಳಿ, ಈ ನೀರಿನಿಂದ ಮನುಷ್ಯರಿಗೂ ಬರುವ ಕಾಯಿಲೆಗಳಿವೆ. ಹಸು ನಿಂತಿದ್ದರೆ ಸುಲಭ. ಆಕೆ ತಿಣುಕದೆ ಇರುವಾಗ ಕರುವನ್ನು ಸ್ವಲ್ಪ ಹಿಂದಕ್ಕೆ ತಳ್ಳಿ. ಮಡಚಿದ ಮಂಡಿಯನ್ನು ಮೇಲಕ್ಕೆ, ಹೊರಗಡೆಗೆ ಒತ್ತಿ, ಗೊರಸನ್ನು ಅಂಗೈಯಿಂದ ಪೂರ್ತಿ ಮುಚ್ಚಿ ಒಳಗಡೆಗೆ ತಂದು ಮುಂದಕ್ಕೆ ಎಳೆಯಿರಿ. ಗೊರಸನ್ನು ಮುಚ್ಚುವುದು ಮರೆಯಬೇಡಿ, ಅದರ ತುದಿ ಗರ್ಭಕೋಶವನ್ನು ಸೀಳಿಬಿಡುತ್ತದೆ. ತಿಣುಕಿದಾಗ ಸುಮ್ನೆ ಇರಿ, ಆಗ ಬಲ ಹಾಕಿ ಹೋರಾಡಬೇಡಿ.

ಕಾಲು, ತಲೆ ಎಲ್ಲಾ ಸರಿಯಾಗಿ ಬಂದಮೇಲೆ ಹಗ್ಗ. ಗೊರಸಿನ ಮೇಲಿನ ಮೊದಲ ಕೀಲಿಗಿಂತ ಮೇಲೆ ಒಂದು ಕುಣಿಕೆ, ಕೀಲಿನ ಕೆಳಗೆ ಇನ್ನೊಂದು ಸುತ್ತು. ಹೀಗೆ ಕಟ್ಟಿದರೆ ಎಳೆತ ಒಂದೇ ಜಾಗಕ್ಕೆ ಬೀಳುವುದಿಲ್ಲ, ಎಲುಬು ಮುರಿಯುವ ಅಪಾಯ ಕಮ್ಮಿ. ಹಸು ತಿಣುಕಿದಾಗ ಮಾತ್ರ ಎಳೆಯಿರಿ, ಒಂದು ಕಾಲು, ಆಮೇಲೆ ಇನ್ನೊಂದು, ಭುಜ ಒಂದೊಂದಾಗಿ ನುಸುಳಿ ಬರಲಿ. ತಲೆ ಎದೆ ಹೊರಗೆ ಬಂದಮೇಲೆ ನೇರ ಎಳೆಯುವುದನ್ನು ಬಿಟ್ಟು ಹಸುವಿನ ಹಿಂಗಾಲಿನ ಕಡೆಗೆ, ಕೆಳಮುಖವಾಗಿ ಎಳೆಯಿರಿ. ಇಬ್ಬರು ಸಾಧಾರಣ ಬಲ ಹಾಕಿದರೂ ಬರದ ಕರು ನಾಲ್ಕು ಜನ ಎಳೆದರೆ ಬರಬೇಕು ಅಂತ ಅಂದುಕೊಳ್ಳಬೇಡಿ. ಗಾಡಿಗೆ ಹಗ್ಗ ಕಟ್ಟಿ ಎಳೆಯುವುದಂತೂ ಬೇಡವೇ ಬೇಡ.

ಫೋನ್ ಮಾಡುವ ಹೊತ್ತು ಯಾವುದು ಅನ್ನೋದಕ್ಕೆ ನಾನು ಗಡಿಯಾರ ನೋಡುತ್ತೇನೆ. ನೀರಿನ ಚೀಲ ಕಂಡು ಒಂದು ಗಂಟೆಯಾದರೂ ಕಾಲು ಕಾಣದಿದ್ದರೆ, ಅಥವಾ ಜೋರಾಗಿ ತಿಣುಕುತ್ತಾ ಅರ್ಧ ಗಂಟೆಯಾದರೂ ಮುಂದುವರಿಯದಿದ್ದರೆ, ಕೈ ಹಾಕಿ ನೋಡುವ ಸಮಯ. ಚೊಚ್ಚಲು ಕರು ಹಾಕುವ ಮಣಕಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಬೇಕಾಗಬಹುದು, ಆದರೂ ಹಂತ ಹಂತವಾಗಿ ಮುಂದುವರಿಯುತ್ತಿರಬೇಕು. ಕೈ ಹಾಕಿದಾಗ ಏನು ಸಿಕ್ಕಿದೆ ಅಂತ ಅರ್ಥವಾಗದಿದ್ದರೆ, ತಲೆ ತಿರುಗಿದ್ದರೆ, ಬಾಲ ಮಾತ್ರ ಸಿಕ್ಕಿದರೆ, ದಾರಿ ತಿರುಚಿದ್ದರೆ ತಕ್ಷಣ ಕರೆಯಿರಿ. ನೀವೇ ಸರಿಮಾಡಲು ಹೋಗಿ ಹದಿನೈದು ಇಪ್ಪತ್ತು ನಿಮಿಷ ಆಗಿ ಫಲ ಸಿಗದಿದ್ದರೂ ಅಷ್ಟೇ. ಅಚ್ಚ ಕೆಂಪು ರಕ್ತ ಸುರಿಯುವುದು, ಕೆಟ್ಟ ವಾಸನೆ, ಹಸು ಏಳಲಾರದೆ ಕಿವಿ ತಣ್ಣಗಾಗಿ ಮಲಗಿಬಿಡುವುದು, ಇವು ಕಂಡರೆ ಗಡಿಯಾರವನ್ನೂ ನೋಡಬೇಡಿ. ಇನ್ನೊಂದು, ತಿಣುಕು ಹೆಚ್ಚಿಸುವ ಇಂಜೆಕ್ಷನ್ನನ್ನು ಡಾಕ್ಟರು ನೋಡುವ ಮೊದಲು ಯಾರಿಂದಲೂ ಹಾಕಿಸಬೇಡಿ. ಕರು ಅಡ್ಡ ಇದ್ದಾಗ ಗರ್ಭಕೋಶ ಹಿಂಡಿದರೆ ಅದೇ ಹರಿಯುತ್ತದೆ.

ಫೋನಿನಲ್ಲಿ "ಹಸು ಕಷ್ಟಪಡ್ತಿದೆ, ಬೇಗ ಬನ್ನಿ" ಅಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ಎಷ್ಟನೇ ಸೂಲು, ನೀರು ಯಾವಾಗ ಒಡೆಯಿತು, ಈಗ ಏನು ಕಾಣುತ್ತಿದೆ, ಕೈಗೆ ಏನು ಸಿಕ್ಕಿತು, ಏನು ಸಿಗಲಿಲ್ಲ, ಯಾರಾದರೂ ಎಳೆದಿದ್ದಾರಾ, ಇಷ್ಟು ಹೇಳಿ. ಎಳೆದಿದ್ದರೆ ಮುಚ್ಚಿಡಬೇಡಿ. ನಾನು ಆವತ್ತು "ಎರಡು ಮುಂಗಾಲು ಸಿಗ್ತಿವೆ, ತಲೆ ಪಕ್ಕಕ್ಕೆ ತಿರುಗಿದೆ, ಕಿವಿ ತಾಗಿತು, ಕರು ಬದುಕಿದೆ, ಐದು ನಿಮಿಷ ಎಳೆದಿದ್ದೀವಿ" ಅಂದೆ. ಅವರು ಹೇಳಿದ್ದು ಎರಡೇ ಮಾತು. "ಇನ್ನು ಮುಟ್ಟಬೇಡಿ. ಎದ್ದರೆ ನಿಧಾನಕ್ಕೆ ನಡೆಸ್ತಾ ಇರಿ." ನಡೆಯುವಾಗ ಹಸು ಅಷ್ಟಾಗಿ ತಿಣುಕುವುದಿಲ್ಲ, ಕರು ಇನ್ನಷ್ಟು ಸಿಕ್ಕಿಹಾಕಿಕೊಳ್ಳುವುದು ತಪ್ಪುತ್ತದೆ. ಅವರು ಬರುವವರೆಗೆ ಕೊಟ್ಟಿಗೆಯಲ್ಲಿ ಒಣ ಹುಲ್ಲು ಹಾಸಿ, ಎರಡು ಬಕೆಟ್ ಬೆಚ್ಚನೆ ನೀರು, ಸೋಪು, ತೊಳೆದ ಹಗ್ಗ, ಒಳ್ಳೆ ಬೆಳಕು ಇಟ್ಟು ಕಾದೆವು. ಆಕೆಯನ್ನು ಅಂಗಳದಲ್ಲಿ ಆರು ಸುತ್ತು ನಡೆಸಿದ್ದೆ, ಏಳನೆಯದು ಅರ್ಧ ಆಗುವಾಗ ಅವರ ಗಾಡಿ ಬಂತು.