ಟಾರ್ಗೆಟ್ ಮುಟ್ಟದ ಹುಡುಗನ ಪ್ಲಾನ್ ಬರೆಯುವ ಮೊದಲು ಬಿಲ್ ಎಣಿಸಿ

"ಸರ್, ನಮ್ಮ ಸೇಲ್ಸ್ ಹುಡುಗ ಮೂರು ತಿಂಗಳಿಂದ ಟಾರ್ಗೆಟ್ ಮುಟ್ಟಿಲ್ಲ. ಎಚ್‌ಆರ್‌ನವ್ರು ಇಂಪ್ರೂವ್‌ಮೆಂಟ್ ಪ್ಲಾನ್ ಬರೆದು ಕಳಸ್ರಿ ಅಂತಾರ. ಅದರಾಗ ಏನಂತ ಬರೀಬೇಕ್ರಿ?"

ಮೊದಲ ಮಾತು: ಟಾರ್ಗೆಟ್ ಅಂಕಿಯನ್ನೇ ಮತ್ತೆ ಬರೆದು ಅದಕ್ಕೆ ಪ್ಲಾನ್ ಅಂತ ಹೆಸರಿಡಬೇಡಿ. ನನ್ನ ಹತ್ತಿರ ಬರುವ ಹೆಚ್ಚಿನ ಕಾಗದಗಳಲ್ಲಿ ಇರುವುದು ಇಷ್ಟೇ: "ಎರಡು ತಿಂಗಳಲ್ಲಿ 6 ಲಕ್ಷ ಮಾಡಬೇಕು, ಮಾರ್ಕೆಟ್ ಮೇಲೆ ಗಮನ ಹೆಚ್ಚಿಸಬೇಕು, ಶಿಸ್ತು ಕಾಪಾಡಬೇಕು." ಇದನ್ನು ಓದಿದ ಹುಡುಗನಿಗೆ ನಾಳೆ ಬೆಳಿಗ್ಗೆ ಬೈಕ್ ಯಾವ ಕಡೆ ತಿರುಗಿಸಬೇಕು ಅಂತ ಗೊತ್ತಾಗುವುದಿಲ್ಲ. ಗಮನ ಹೆಚ್ಚಾಯಿತೋ ಇಲ್ಲವೋ ಅಂತ ಅಳೆಯಲು ನಿಮಗೂ ಆಗುವುದಿಲ್ಲ.

ಅಂಗಡಿಗೆ ಮಾಲು ಮಾರುವ ನಮ್ಮ ಕೆಲಸದಲ್ಲಿ ದಿನದ ಸೇಲ್ ಅಂದರೆ ಮೂರು ಅಂಕಿಗಳ ಗುಣಾಕಾರ, ಅದನ್ನು ಕೆಲಸದ ದಿನಗಳಿಂದ ಗುಣಿಸಿದರೆ ತಿಂಗಳ ಸೇಲ್. ದಿನಕ್ಕೆ ಎಷ್ಟು ಅಂಗಡಿ ಹತ್ತಿದ, ಅದರಲ್ಲಿ ಶೇಕಡಾ ಎಷ್ಟು ಕಡೆ ಬಿಲ್ ಆಯಿತು, ಒಂದು ಬಿಲ್ ಸರಾಸರಿ ಎಷ್ಟು ರೂಪಾಯಿಯದು. ಈ ಮೂರರಲ್ಲಿ ಯಾವುದು ಬಿದ್ದಿದೆ ಅಂತ ಗೊತ್ತಾಗುವವರೆಗೆ ಪ್ಲಾನ್ ಬರೆಯಲು ಕೂರಬಾರದು.

ಬಾಗಲಕೋಟೆಯಲ್ಲಿ ನಾನೇ ಬರೆದ ಒಂದು ಪ್ಲಾನ್ ಹೇಳುತ್ತೇನೆ. ಮಾಲು ಬಿಸ್ಕತ್ತು ಮತ್ತು ಚಹಾಪುಡಿ. ಆ ಹುಡುಗನ ಕೈಯಲ್ಲಿ 240 ಅಂಗಡಿ, ಆರು ಬೀಟ್: ಹಳೇ ಬಾಗಲಕೋಟೆ, ನವನಗರದ ಎರಡು, ವಿದ್ಯಾಗಿರಿ, ಗದ್ದನಕೇರಿ ಕಡೆ ಒಂದು, ಗುಳೇದಗುಡ್ಡ ಒಂದು. ದಿನಕ್ಕೊಂದು ಬೀಟ್, ಬೀಟಿಗೆ 40 ಅಂಗಡಿ. ಟಾರ್ಗೆಟ್ 6 ಲಕ್ಷ. ಆತ ಮೂರು ತಿಂಗಳು 4 ಲಕ್ಷದ ಆಸುಪಾಸಿನಲ್ಲೇ ನಿಂತಿದ್ದ. ಟಾರ್ಗೆಟ್ಟೇ ಜಾಸ್ತಿಯಾಯಿತಾ ಅಂತ ಮೊದಲು ನೋಡಿದೆ. ಹಿಂದಿನ ವರ್ಷ ಇದೇ ಬೀಟಿನಲ್ಲಿ ಬೇರೊಬ್ಬ 5.9 ಲಕ್ಷ ಮಾಡಿದ್ದ. ಹಾಗಾಗಿ ಅಂಕಿ ತಪ್ಪಲ್ಲ.

ಆಮೇಲೆ ಬಿಲ್ ತೆಗೆದು ಎಣಿಸಿದೆ. ದಿನಕ್ಕೆ ಆತ ಹತ್ತಿದ್ದು 33 ಅಂಗಡಿ, ಬಿಲ್ ಆಗಿದ್ದು 13. ಬಿಲ್ಲಿನ ಸರಾಸರಿ 1,230 ರೂಪಾಯಿ. 25 ದಿನಕ್ಕೆ 325 ಬಿಲ್, ಸುಮಾರು 4 ಲಕ್ಷ. ಪಕ್ಕದ ಏರಿಯಾದ ಹುಡುಗ ದಿನಕ್ಕೆ 38 ಅಂಗಡಿ ಹತ್ತಿ 19 ಬಿಲ್ ಮಾಡುತ್ತಿದ್ದ, ಅವನ ಸರಾಸರಿ 1,260. ಬಿಲ್ಲಿನ ಗಾತ್ರ ಇಬ್ಬರದೂ ಹೆಚ್ಚುಕಡಿಮೆ ಒಂದೇ. ಅಂದರೆ ಆರ್ಡರ್ ಕೊಟ್ಟ ಅಂಗಡಿಯವನಿಗೆ ನಮ್ಮ ಹುಡುಗ ಸರಿಯಾಗಿಯೇ ಮಾರುತ್ತಿದ್ದ. ಆರ್ಡರ್ ಕೊಡುವ ಅಂಗಡಿಗಳೇ ಕಡಿಮೆ ಇದ್ದವು. "ದೊಡ್ಡ ಬಿಲ್ ಮಾಡು" ಅಂತ ಅವನಿಗೆ ತಿಂಗಳುಗಟ್ಟಲೆ ಹೇಳುತ್ತಿದ್ದೆವು. ಆ ಮಾತು ಅವನಿಗೆ ಬೇಕೇ ಇರಲಿಲ್ಲ.

ಅಂಗಡಿಗಳ ಪಟ್ಟಿ ಹಿಡಿದು ಮತ್ತೆ ನೋಡಿದೆ. 240ರಲ್ಲಿ 92 ಅಂಗಡಿಗಳಿಗೆ ಮೂರು ತಿಂಗಳಿಂದ ಒಂದೇ ಒಂದು ಬಿಲ್ ಇಲ್ಲ. ಯಾಕೆ ಅಂತ ಕಂಪ್ಯೂಟರ್ ಹೇಳುವುದಿಲ್ಲ. ಅದಕ್ಕೆ ಎರಡು ದಿನ ಅವನ ಬೈಕ್ ಹಿಂದೆ ಕೂತೆ. ಮಾತಾಡಬಾರದು, ಸುಮ್ನೆ ನೋಡಬೇಕು ಅಂತ ನನಗೆ ನಾನೇ ಹೇಳಿಕೊಂಡಿದ್ದೆ.

ಮೊದಲ ದಿನ ಗುಳೇದಗುಡ್ಡ. ಬೆಳಿಗ್ಗೆ ಒಂಬತ್ತಕ್ಕೇ ಗೋಡೌನ್‌ಗೆ ಬಂದ. ಆದರೆ ಮೊದಲ ಅಂಗಡಿ ಹತ್ತುವಷ್ಟರಲ್ಲಿ 11:20. ಡಿಸ್ಟ್ರಿಬ್ಯೂಟರ್ ಅವನ ಕೈಗೆ ಹಳೇ ಬಾಕಿ ಚೀಟಿ ಕೊಟ್ಟು "ಇವಿಷ್ಟು ವಸೂಲಿ ಮಾಡ್ಕೊಂಡು ಹೋಗಪಾ" ಅಂದಿದ್ದರು. ದಿನವೂ ಹೀಗೇ ಅಂತೆ. ಒಂದೂವರೆ ಆದ ಮೇಲೆ ಅಂಗಡಿ ಸಾಹುಕಾರರು ಊಟಕ್ಕೆ ಮನೆಗೆ ಹೋದರು. ಗಲ್ಲೆ ಮೇಲೆ ಕೂತ ಹುಡುಗರು ಆರ್ಡರ್ ಕೊಡುವಂತಿಲ್ಲ. ಆ ಹೊತ್ತಿನಲ್ಲಿ ಹತ್ತಿದ 14 ಅಂಗಡಿಯಲ್ಲಿ ಎರಡೇ ಬಿಲ್.

ಒಂದು ಕಿರಾಣಿ ಅಂಗಡಿಯಲ್ಲಿ ಸಾಹುಕಾರರು ಇದ್ದರು. ನಮ್ಮ ಹುಡುಗ ಮೆಟ್ಟಿಲ ಮೇಲೇ ನಿಂತು "ಆರ್ಡರ್ ಐತೇನ್ರಿ ಅಣ್ಣಾರ?" ಅಂದ. ಅವರು ಗಲ್ಲೆ ಕೆಳಗಿಂದ ಒಂದು ರಟ್ಟಿನ ಡಬ್ಬಿ ಎಳೆದು ಮುಂದಿಟ್ಟರು. ಇಲಿ ಕಡಿದ, ತೇವ ಹಿಡಿದ ಬಿಸ್ಕತ್ತಿನ ಪಾಕೀಟುಗಳು. ಮೇಲಿನ ಪಾಕೀಟಿನ ತಾರೀಕು ಮುಗಿದು ಐದು ತಿಂಗಳಾಗಿತ್ತು. "ಮೊದಲ ಇವನ್ನ ತಗೊಂಡು ಹೋಗ್ರಿ. ಆಮ್ಯಾಲ ಆರ್ಡರ್ ಮಾತು" ಅಂದರು. ಹುಡುಗ ತಲೆ ತಗ್ಗಿಸಿ ಹೊರಗೆ ಬಂದ. ಡ್ಯಾಮೇಜ್ ಮಾಲಿನ ಕ್ಲೇಮ್ ಪಾಸ್ ಮಾಡುವುದು ಅವನ ಕೈಯಲ್ಲಿಲ್ಲ. ಅದು ಡಿಸ್ಟ್ರಿಬ್ಯೂಟರ್ ಮತ್ತು ನನ್ನ ಕೆಲಸ. ಸಂಜೆ ಲೆಕ್ಕ ಹಾಕಿದರೆ ಆ 92ರಲ್ಲಿ 37 ಅಂಗಡಿಗಳ ಕ್ಲೇಮ್ ಬಾಕಿ ಇದ್ದವು.

ಪ್ಲಾನಿನ ಆಕಾರವೇ ಇಲ್ಲಿ ಬದಲಾಯಿತು. ತಪ್ಪು ಪೂರ್ತಿ ಅವನದಲ್ಲ. ಹಾಗಂತ ಅವನದು ಏನೂ ಇಲ್ಲ ಅಂತಲೂ ಅಲ್ಲ. ಆತ ಕಪಾಟು ನೋಡುತ್ತಿರಲಿಲ್ಲ. ಹಿಂದಿನ ಬಿಲ್‌ನಲ್ಲಿ ಏನು ಹೋಗಿತ್ತು, ಈಗ ಎಷ್ಟು ಉಳಿದಿದೆ ಅಂತ ಎಣಿಸುತ್ತಿರಲಿಲ್ಲ. "ಆರ್ಡರ್ ಐತೇನ್ರಿ" ಅಂತ ಕೇಳಿದರೆ "ಇಲ್ಲ" ಅನ್ನುವುದು ಯಾರಿಗಾದರೂ ಸುಲಭ ಅಲ್ವಾ? "ಅಣ್ಣಾರ, ಹೋದ ಸಲ ಎರಡು ಬಾಕ್ಸ್ ಇಟ್ಟಿದ್ರಿ, ಈಗ ಆರು ಪಾಕೀಟು ಉಳದಾವ, ಒಂದು ಬಾಕ್ಸ್ ಹಾಕ್ಲೇನ್ರಿ?" ಅಂದರೆ ಸಾಹುಕಾರರು ಒಮ್ಮೆಯಾದರೂ ಕಪಾಟಿನ ಕಡೆ ತಿರುಗಿ ನೋಡುತ್ತಾರೆ.

ಮೂರನೇ ದಿನ ಇಬ್ಬರೇ ಕೂತೆವು. ಡಿಸ್ಟ್ರಿಬ್ಯೂಟರ್ ಎದುರಿಗಂತೂ ಈ ಮಾತು ಆಡಲೇಬಾರದು. ದಿನಕ್ಕೆ ಎಷ್ಟು ಬಿಲ್ ಮಾಡುತ್ತೀಯ, ನೀನೇ ಬರಿ ಅಂದೆ. ಹೆದರಿದ್ದ, 20 ಅಂತ ಬರೆದ. ನಾನು ಅದನ್ನು ಹೊಡೆದು 16 ಮಾಡಿದೆ. 13ರಿಂದ ಒಮ್ಮೆಲೇ 20ಕ್ಕೆ ಯಾರೂ ಜಿಗಿಯುವುದಿಲ್ಲ. ಜಿಗಿದಂತೆ ತೋರಿಸುವ ದಾರಿಗಳು ಮಾತ್ರ ಬಹಳ ಇವೆ.

ಕೊನೆಗೆ ಒಂದೇ ಪುಟದಲ್ಲಿ ಬರೆದದ್ದು ಇದು:

"ಅವಧಿ 60 ದಿನ. ಮೊದಲ ಅಂಗಡಿ ಬೆಳಿಗ್ಗೆ 9:45ರೊಳಗೆ, ದಿನಕ್ಕೆ 38 ಅಂಗಡಿ. ಮೊದಲ ತಿಂಗಳು ದಿನಕ್ಕೆ ಸರಾಸರಿ 16 ಬಿಲ್, ಎರಡನೇ ತಿಂಗಳು 18. ಬಿಲ್ ನಿಂತ 92 ಅಂಗಡಿಗಳಲ್ಲಿ ಮೊದಲ ತಿಂಗಳಲ್ಲಿ 30, ಒಟ್ಟು 60 ದಿನದಲ್ಲಿ 50 ಮತ್ತೆ ಶುರುವಾಗಬೇಕು. ಬಿಲ್ಲಿನ ಸರಾಸರಿ 1,150ಕ್ಕಿಂತ ಕೆಳಗೆ ಇಳಿಯಬಾರದು. ಇಷ್ಟಾಗಿ ಸರಾಸರಿ 1,200ರ ಆಸುಪಾಸು ಉಳಿದರೆ ಸೇಲ್ ಮೊದಲ ತಿಂಗಳು 4.8 ಲಕ್ಷ, ಎರಡನೇ ತಿಂಗಳು 5.4 ಲಕ್ಷಕ್ಕೆ ಬರಬೇಕು."

ಅದರ ಕೆಳಗೆ ನನ್ನ ಹೆಸರಿನಲ್ಲಿ ಮೂರು ಸಾಲು. 37 ಅಂಗಡಿಗಳ ಡ್ಯಾಮೇಜ್ 15 ದಿನದಲ್ಲಿ ಚುಕ್ತಾ. ಬೆಳಗಿನ ವಸೂಲಿ ಕೆಲಸ ಇಂದಿನಿಂದ ಅವನಿಗಿಲ್ಲ. ಮೊದಲ ನಾಲ್ಕು ವಾರ, ವಾರಕ್ಕೊಂದು ದಿನ ನಾನು ಅವನ ಜೊತೆ ಬೀಟ್‌ಗೆ ಬರುತ್ತೇನೆ. ನನ್ನ ಸಾಲು ತಪ್ಪಿದರೆ ಅಷ್ಟು ದಿನ ಅವನ ಅವಧಿ ಮುಂದಕ್ಕೆ ಹೋಗುತ್ತದೆ ಅಂತಲೂ ಬರೆದೆ. ಮ್ಯಾನೇಜರ್ ಪಾಲಿನ ಕೆಲಸ ಇಲ್ಲದ ಪ್ಲಾನಿಗೆ ನಾನು ಸಹಿ ಹಾಕುವುದಿಲ್ಲ. ಅಂಥ ಕಾಗದ ಹುಡುಗನನ್ನು ತೆಗೆಯಲು ಮೊದಲೇ ನಿರ್ಧಾರ ಮಾಡಿ ಬರೆದದ್ದು. ಅದು ಅವನಿಗೂ ತಿಳಿಯುತ್ತದೆ.

60 ದಿನ ಮುಗಿದ ಮೇಲೆ ಏನು ಅನ್ನುವುದನ್ನೂ ಅದೇ ದಿನ ಬರೆಯಬೇಕು. ಎಲ್ಲ ಅಂಕಿ ಮುಟ್ಟಿದರೆ ಪ್ಲಾನ್ ಮುಗಿಯಿತು. ಬಿಲ್ ಮತ್ತು ನಿಂತ ಅಂಗಡಿ, ಇವೆರಡರಲ್ಲಿ ಒಂದು ಮುಟ್ಟಿ ಇನ್ನೊಂದು ಹತ್ತಿರ ಬಂದಿದ್ದರೆ 30 ದಿನ ಮುಂದುವರಿಕೆ. ಎರಡೂ ಇಲ್ಲವಾದರೆ ಈ ಕೆಲಸದಿಂದ ಬದಲಾವಣೆ. ಕೊನೆಯ ದಿನ ಕೂತು ಯೋಚಿಸಿದರೆ ಆ ದಿನದ ಮನಸ್ಸು ತೀರ್ಪು ಕೊಡುತ್ತದೆ.

ಸರಾಸರಿ 1,150 ಅನ್ನುವ ಸಾಲು ಯಾಕೆ ಅಂತ ಕೇಳುತ್ತೀರಿ. ಬಿಲ್ ಎಣಿಸುತ್ತೇವೆ ಅಂದ ತಕ್ಷಣ ಒಂದು ಬಿಲ್ ಒಡೆದು ಎರಡು ಮಾಡುವ ಆಸೆ ಬರುತ್ತದೆ. ಹೊಸದಾಗಿ ಶುರುವಾದ ಅಂಗಡಿಗಳ ಬಿಲ್ ಸಣ್ಣದಿರುವುದು ಸಹಜ, ಅದಕ್ಕೆ 1,230ರಿಂದ ಸ್ವಲ್ಪ ಇಳಿಯಲು ಜಾಗ ಕೊಟ್ಟೆ. ಅದಕ್ಕಿಂತ ಇಳಿದರೆ ಬಿಲ್ ಒಡೆಯುತ್ತಿದ್ದಾನೆ ಅಂತ ಅನುಮಾನ ಪಡಬೇಕು. ಒಂದೇ ಅಂಗಡಿಗೆ ಇವತ್ತೊಂದು, ನಾಳೆ ಒಂದು ಬಿಲ್ ಕಾಣುತ್ತದೆ. ಇನ್ನೊಂದು ದಾರಿ, ತಿಂಗಳ ಕೊನೆಯ ಐದು ದಿನ ಪರಿಚಯದ ಅಂಗಡಿಗೆ ಮಾಲು ತುಂಬುವುದು. ಅದು ಮುಂದಿನ ತಿಂಗಳ ಮೊದಲ ವಾರ ವಾಪಸ್ ಬರುತ್ತದೆ. ಹಾಗಾಗಿ ವಾಪಸ್ ಬಂದ ಮಾಲನ್ನು ಕಳೆದ ಮೇಲೆ ಉಳಿದದ್ದೇ ಸೇಲ್ ಅಂತ ಬರೆದುಕೊಳ್ಳಿ. ಎರಡು ನಿಮಿಷಕ್ಕೊಂದು ಅಂಗಡಿ ಹತ್ತಿದ್ದೇನೆ ಅಂತ ಮೊಬೈಲ್‌ನಲ್ಲಿ ಇದ್ದರೆ ಅಂಗಡಿ ಹತ್ತಿಲ್ಲ, ರಸ್ತೆಯಲ್ಲೇ ನಿಂತು ಒತ್ತಿದ್ದಾನೆ ಅಂತ ಅರ್ಥ. ನಾನು ವಾರಕ್ಕೆ ಐದು ಅಂಗಡಿಗೆ ಫೋನ್ ಮಾಡಿ "ಹುಡುಗ ಬಂದಿದ್ದನೇನ್ರಿ?" ಅಂತ ಕೇಳುತ್ತೇನೆ. ಹಾಗೆ ಕೇಳುತ್ತೇನೆ ಅಂತ ಅವನಿಗೆ ಮೊದಲೇ ಹೇಳಿರುತ್ತೇನೆ.

ಶನಿವಾರ ಸಂಜೆ 20 ನಿಮಿಷ ಕೂರುತ್ತಿದ್ದೆವು. ಅದೇ ಹಾಳೆ, ಅವೇ ಅಂಕಿ, ಕೆಳಗೆ ಇಬ್ಬರ ಸಹಿ. ಎರಡನೇ ಶನಿವಾರದ ಅಂಕಿ ಬಹಳ ಮುಖ್ಯ. ಅಡ್ಡಿ ತೆಗೆದ ಮೇಲೂ ಮೊದಲ ಅಂಗಡಿ 11 ಗಂಟೆಗೇ ಇದ್ದರೆ ಅಲ್ಲಿ ಮನಸ್ಸಿಲ್ಲ, 60 ದಿನ ಕಾಯದೆ ಆಗಲೇ ಮಾತಾಡಬೇಕು. ಅಂಗಡಿ ಹತ್ತುವುದು ಹೆಚ್ಚಾಗಿ ಬಿಲ್ ಮಾತ್ರ ಹೆಚ್ಚಾಗದಿದ್ದರೆ ಅವನಿಗೆ ಮಾತು ಕಲಿಸಬೇಕು. ಬಿಲ್ ಒಡೆಯದೆಯೂ ಬಿಲ್ ಹೆಚ್ಚಾಗಿ ಸೇಲ್ ಹೆಚ್ಚಾಗದಿದ್ದರೆ ಗೋಡೌನ್ ನೋಡಿ. ಆರ್ಡರ್ ಬರೆದ ಮಾಲು ಸ್ಟಾಕ್ ಇಲ್ಲದೆ ಅಂಗಡಿಗೆ ಹೋಗುತ್ತಿಲ್ಲ ಅಂತ ಅರ್ಥ. ಆಗ ಹುಡುಗನನ್ನು ಬೈದು ಪ್ರಯೋಜನವಿಲ್ಲ.

ನಮ್ಮ ಹುಡುಗನದು ಹೀಗಾಯಿತು. ಗುಳೇದಗುಡ್ಡದ ಬೀಟಿನಲ್ಲಿ ಅಂಗಡಿ ಹತ್ತುವ ಸರದಿಯನ್ನೇ ಬದಲಿಸಿದೆವು. ಸಾಹುಕಾರರು ಊಟಕ್ಕೆ ಹೋಗುವ ಅಂಗಡಿಗಳು ಬೆಳಿಗ್ಗೆ, ಮಧ್ಯಾಹ್ನವೂ ತೆರೆದಿರುವ ಚಹಾದಂಗಡಿ, ಬೇಕರಿಗಳು ಎರಡು ಗಂಟೆಯ ಮೇಲೆ. ಮೊದಲ ತಿಂಗಳು ದಿನಕ್ಕೆ 16.4 ಬಿಲ್, 4.84 ಲಕ್ಷ. ಎರಡನೇ ತಿಂಗಳು 17.6 ಬಿಲ್, 5.24 ಲಕ್ಷ. ನಿಂತ ಅಂಗಡಿಗಳಲ್ಲಿ 53 ಮತ್ತೆ ಶುರುವಾದವು. 18 ಬಿಲ್ ಮುಟ್ಟಲಿಲ್ಲ, ಅಂಗಡಿ ಲೆಕ್ಕ ಮುಟ್ಟಿತು. ಬರೆದಂತೆಯೇ 30 ದಿನ ಮುಂದುವರಿಸಿದೆವು. ಮೂರನೇ ತಿಂಗಳು ದಿನಕ್ಕೆ 19 ಬಿಲ್, 5.84 ಲಕ್ಷ. ಆ ಶನಿವಾರ ಹಾಳೆಯ ಕೆಳಗೆ "ಪ್ಲಾನ್ ಮುಗಿದಿದೆ" ಅಂತ ಬರೆದು ಸಹಿ ಮಾಡಿ, ಒಂದು ಪ್ರತಿ ಅವನ ಕೈಗೆ ಕೊಟ್ಟೆ, ಇನ್ನೊಂದನ್ನು ಎಚ್‌ಆರ್‌ಗೆ ಕಳಿಸಿದೆ.